ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ

2019ರ ಒಂದು ಶುಕ್ರವಾರ ರಾತ್ರಿ ಎಂದುಕೊಳ್ಳಿ. ಬ್ರಿಟನ್ನಿನ ಯಾವುದೋ ಊರಿನಲ್ಲಿ ಒಬ್ಬಾತ ಮೊಬೈಲಿನಲ್ಲಿ ಸ್ಲಾಟ್ ಆಡುತ್ತಿದ್ದಾನೆ. ನೂರು ಪೌಂಡ್ ಹಾಕಿ ಶುರು ಮಾಡಿದವನ ಖಾತೆಯಲ್ಲಿ ಈಗ 600 ಪೌಂಡ್ ಇದೆ. ಇಷ್ಟು ಸಾಕು ಎನ್ನಿಸಿ, ಅಷ್ಟನ್ನೂ ಬ್ಯಾಂಕಿಗೆ ಕಳಿಸಲು ‘Withdraw’ ಒತ್ತುತ್ತಾನೆ. ಪರದೆಯ ಮೇಲೆ ಬ್ಯಾಲೆನ್ಸ್ ಸೊನ್ನೆಯಾಗುತ್ತದೆ. ಅದರ ಕೆಳಗೆ ‘Pending’ ಎಂಬ ಪದ, ಪಕ್ಕದಲ್ಲಿ 600 ಪೌಂಡ್, ಅದರ ಪಕ್ಕದಲ್ಲೇ ಇನ್ನೊಂದು ಗುಂಡಿ: ‘Reverse withdrawal’. ಕೋರಿಕೆಯ ಪರಿಶೀಲನೆಗೆ 72 ಗಂಟೆ ಬೇಕು, ಶನಿವಾರ ಭಾನುವಾರ ಕೆಲಸ ನಡೆಯುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಈ ಆಟಗಾರ ಕಲ್ಪಿತ. ಆದರೆ ಈ ಪರದೆ ಆಗ ಆನ್‌ಲೈನ್ ಕ್ಯಾಸಿನೊಗಳಲ್ಲಿ ತೀರಾ ಸಾಮಾನ್ಯವಾಗಿತ್ತು. ಹಣ ಹಾಕುವಾಗ ಕಾರ್ಡಿನಿಂದ ಕ್ಷಣಾರ್ಧದಲ್ಲಿ ಹೋಗುತ್ತಿತ್ತು. ಬ್ರಿಟನ್ನಿನ ಬ್ಯಾಂಕುಗಳ ನಡುವೆ ಕೆಲವೇ ನಿಮಿಷಗಳಲ್ಲಿ ಹಣ ದಾಟಿಸುವ ವ್ಯವಸ್ಥೆಯೂ 2008ರಿಂದಲೇ ಇತ್ತು. ಗೆದ್ದ ಹಣ ಮಾತ್ರ ಮೂರು ದಿನ ಕಂಪನಿಯ ಬಳಿಯೇ ಉಳಿಯುತ್ತಿತ್ತು. ಉಳಿಯುವುದಷ್ಟೇ ಅಲ್ಲ, ಒಂದು ಬೆರಳು ತಾಗಿಸಿದರೆ ಮತ್ತೆ ಆಟಕ್ಕೆ ಇಳಿಯುವಂತೆ ಸಿದ್ಧವಾಗಿ ನಿಂತಿರುತ್ತಿತ್ತು.

ಆ ಮೂರು ದಿನಗಳಲ್ಲಿ ಏನಾಗುತ್ತದೆ, ಲೆಕ್ಕ ಹಾಕಿ ನೋಡೋಣ. ಶನಿವಾರ ಸಂಜೆ ಬೇಸರವಾಗಿ ಆಟಗಾರ ಖಾತೆ ತೆರೆಯುತ್ತಾನೆ. ಇನ್ನೂ ‘Pending’. ಪೂರ್ತಿ ಹಣವೇನೂ ಬೇಡ, ಐವತ್ತು ಪೌಂಡ್ ಮಾತ್ರ ಎಂದು ವಾಪಸ್ ತೆಗೆದುಕೊಳ್ಳುತ್ತಾನೆ. ಅದು ಮುಗಿದರೆ ಇನ್ನೊಂದು ಐವತ್ತು. ಅವನು ಆಡುವ ಸ್ಲಾಟ್‌ನಲ್ಲಿ ಪಣಕ್ಕಿಟ್ಟ ಪ್ರತಿ ನೂರು ಪೌಂಡಿಗೆ ಸರಾಸರಿ 96 ಪೌಂಡ್ ಆಟಗಾರರಿಗೆ ಮರಳುತ್ತದೆ ಎಂದಿಟ್ಟುಕೊಳ್ಳಿ. ನೂರಕ್ಕೆ ನಾಲ್ಕೇ ನಷ್ಟ, ಕೇಳಲು ಅಲ್ಪವೆನಿಸುತ್ತದೆ. ಆದರೆ ಆ ನಾಲ್ಕು ಕಡಿತವಾಗುವುದು ಅವನು ತಂದ ಹಣದ ಮೇಲಲ್ಲ, ಪ್ರತಿ ಸುತ್ತಿನಲ್ಲಿ ಪಣಕ್ಕಿಟ್ಟ ಹಣದ ಮೇಲೆ. ನಿಮಿಷಕ್ಕೆ ಹತ್ತು ಸುತ್ತು, ಸುತ್ತಿಗೆ ಎರಡು ಪೌಂಡ್ ಎಂದರೆ ಗಂಟೆಗೆ 1,200 ಪೌಂಡ್ ಪಣ. ಅದರ ನೂರಕ್ಕೆ ನಾಲ್ಕು 48 ಪೌಂಡ್. ಶನಿವಾರ, ಭಾನುವಾರ, ಸೋಮವಾರ, ಸಂಜೆಗೆ ನಾಲ್ಕು ಗಂಟೆಯಂತೆ ಒಟ್ಟು ಹನ್ನೆರಡು ಗಂಟೆ ಆಡಿದರೆ ಸರಾಸರಿ ನಷ್ಟ 576 ಪೌಂಡ್. ಗೆದ್ದು ಪಕ್ಕಕ್ಕಿಟ್ಟಿದ್ದ 600 ಪೌಂಡ್ ಹೆಚ್ಚುಕಡಿಮೆ ಪೂರ್ತಿ ಹೋಯಿತು.

ಇದು ಸರಾಸರಿ ಮಾತ್ರ. ಒಬ್ಬ ಮೊದಲ ಸಂಜೆಯೇ ಎಲ್ಲ ಕಳೆದುಕೊಳ್ಳಬಹುದು, ಇನ್ನೊಬ್ಬನಿಗೆ ಮತ್ತಷ್ಟು ಬರಬಹುದು. ಆದರೆ ಸಾವಿರಾರು ಆಟಗಾರರಿರುವ ಕಂಪನಿಗೆ ಸರಾಸರಿಯೇ ಆದಾಯ. ಕಾಯಿಸಿದ ಒಂದೊಂದು ಗಂಟೆಯೂ ಅವರ ಪಾಲಿಗೆ ದುಡಿಮೆಯ ಗಂಟೆ.

ಕಾಯುವ ಹಣದ ವಿಷಯದಲ್ಲಿ ಮನಸ್ಸು ಬೇರೆ ಥರ ನಡೆದುಕೊಳ್ಳುತ್ತದೆ. ಸಂಬಳ ಖರ್ಚು ಮಾಡುವಾಗ ಇರುವ ಬಿಗಿ, ಈಗಷ್ಟೇ ಗೆದ್ದ ಹಣದ ಬಗ್ಗೆ ಇರುವುದಿಲ್ಲ. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ ಎಂಬ ಸಂಶೋಧಕರು 1990ರಲ್ಲೇ ಇದನ್ನು ವಿವರಿಸಿದ್ದಾರೆ: ಗೆದ್ದ ಮೇಲೆ ಜನ ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ಆ ಹಣ ತಮ್ಮದಲ್ಲ, ಜೂಜುಕಟ್ಟೆಯದು ಎಂಬ ಭಾವನೆ ಇರುವುದರಿಂದ. ಬ್ಯಾಂಕಿಗೆ ಬಂದು, ಬಾಡಿಗೆ ಮತ್ತು ಕರೆಂಟ್ ಬಿಲ್ಲಿನ ಜೊತೆ ಒಂದೇ ಸಾಲಿನಲ್ಲಿ ಕಂಡಾಗ ಆ ಹಣ ತನ್ನದಾಗುತ್ತದೆ. ‘Pending’ ಪಟ್ಟಿಯಲ್ಲಿದ್ದಷ್ಟು ಕಾಲ ಅದು ಇನ್ನೂ ಆಟದ ಹಣವೇ. ಚಟ ಹತ್ತಿದವನಿಗಂತೂ ‘ಹೊರಗೆ ತೆಗೆ’ ಎಂದು ಒತ್ತಿದ ಆ ಒಂದು ಕ್ಷಣ ಎಷ್ಟೋ ಗಂಟೆಗಳ ನಡುವೆ ಸಿಕ್ಕ ವಿವೇಕದ ಗಳಿಗೆ. ಕಂಪನಿ ಆ ಗಳಿಗೆಯನ್ನೇ ಮೂರು ದಿನ ಅಮಾನತಿನಲ್ಲಿಡುತ್ತದೆ. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಕ್ರೂರವೆನಿಸುವುದು ಇದೇ.

ತಡಕ್ಕೆ ಕಾರಣವೇ ಇಲ್ಲ ಎನ್ನುವಂತಿಲ್ಲ. ಕಪ್ಪುಹಣ ಬಿಳಿ ಮಾಡುವವರನ್ನು ತಡೆಯಬೇಕು, ಕದ್ದ ಕಾರ್ಡೇ ಎಂದು ನೋಡಬೇಕು, ಗುರುತಿನ ದಾಖಲೆ ಹೊಂದಿಸಬೇಕು. ಇದಕ್ಕೆಲ್ಲ ಸಮಯ ಬೇಕಾಗಬಹುದು. ಆದರೆ ಈ ಯಾವ ಪರಿಶೀಲನೆಗೂ ಹಣವನ್ನು ಮತ್ತೆ ಆಟಕ್ಕೆ ಹರಿಸುವ ಗುಂಡಿ ಬೇಡ. ಹಣದ ಮೇಲೆ ಅನುಮಾನವಿದ್ದರೆ ಅದರಲ್ಲೇ ಜೂಜಾಡಲು ಬಿಡುವುದು ಹೇಗೆ? ಒಂದು ಸೈಟಿನ ಉದ್ದೇಶ ಗೊತ್ತಾಗುವುದು ತಡದಿಂದಲ್ಲ, ತಡವೂ ಗುಂಡಿಯೂ ಒಟ್ಟಿಗೆ ಇರುವುದರಿಂದ. ಕೆಲವು ಸೈಟುಗಳಲ್ಲಿ ಆಟಗಾರರೇ ಗ್ರಾಹಕ ಸೇವೆಗೆ ಬರೆದು, ‘ದಯವಿಟ್ಟು ನನ್ನ ಹಣಕ್ಕೆ ಬೀಗ ಹಾಕಿ, ನಾನು ಕೇಳಿದರೂ ವಾಪಸ್ ಕೊಡಬೇಡಿ’ ಎಂದು ಬೇಡಿಕೊಳ್ಳಬೇಕಾಗಿತ್ತು. ಬೀಗ ಹಾಕುವುದು ಸಾಧ್ಯವಿತ್ತು. ಕೇಳಿದವರಿಗೆ ಮಾತ್ರ ಹಾಕುತ್ತಿದ್ದರು.

ಬ್ರಿಟನ್ನಿನ ಜೂಜು ನಿಯಂತ್ರಣ ಆಯೋಗ ಇದನ್ನು ಎರಡು ತುದಿಯಿಂದ ಹಿಡಿಯಿತು. 2019ರ ಮೇ ತಿಂಗಳಿಂದ ಹೆಸರು, ವಿಳಾಸ, ಹುಟ್ಟಿದ ದಿನಾಂಕವನ್ನು ಆಟ ಶುರುವಾಗುವ ಮೊದಲೇ ಪರಿಶೀಲಿಸಬೇಕಾಯಿತು. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ತೆಗೆಯುವಾಗ ಕೇಳಿ ತಡೆಹಿಡಿಯುವಂತಿಲ್ಲ ಎಂದೂ ಆಯಿತು. 2020ರ ಮೇನಲ್ಲಿ, ಲಾಕ್‌ಡೌನ್‌ನಲ್ಲಿ ಜನ ಮನೆಯಲ್ಲೇ ಕೂತಿದ್ದಾಗ, ವಾಪಸ್ ಪಡೆಯುವ ಗುಂಡಿಯನ್ನು ನಿಲ್ಲಿಸುವಂತೆ ಆಯೋಗ ಕಂಪನಿಗಳಿಗೆ ಸೂಚಿಸಿತು. 2021ರ ಫೆಬ್ರವರಿಯಲ್ಲಿ ಅದನ್ನೇ ಕಾಯಂ ನಿಯಮವೆಂದು ಪ್ರಕಟಿಸಿತು. ಆ ವರ್ಷ ಅಕ್ಟೋಬರ್ 31ರಿಂದ ಪರವಾನಗಿ ಪಡೆದ ಯಾವ ಕಂಪನಿಯೂ ಹಣ ತೆಗೆಯುವ ಕೋರಿಕೆಯನ್ನು ರದ್ದುಮಾಡುವ ಆಯ್ಕೆಯನ್ನು ಗ್ರಾಹಕನ ಮುಂದಿಡುವಂತಿಲ್ಲ.

ಈ ನಿಯಮಕ್ಕೂ ಮಿತಿಯಿದೆ. ಕಾಯುವ ಹೊತ್ತಿನಲ್ಲಿ ಕಾರ್ಡಿನಿಂದ ಹೊಸ ಹಣ ಹಾಕಿ ಆಡುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಬ್ಯಾಂಕಿನಲ್ಲೇ ಜೂಜಿನ ಪಾವತಿಗೆ ತಡೆ ಹಾಕಿಸಬೇಕು, ಇಲ್ಲವೇ ‘ಗ್ಯಾಮ್‌ಸ್ಟಾಪ್’ ಎಂಬ ಯೋಜನೆಯಲ್ಲಿ ಹೆಸರು ಬರೆಸಬೇಕು. ಅಲ್ಲಿ ಒಮ್ಮೆ ಬರೆಸಿದರೆ ಬ್ರಿಟನ್ನಿನ ಪರವಾನಗಿ ಇರುವ ಎಲ್ಲ ಆನ್‌ಲೈನ್ ಜೂಜಿನ ಬಾಗಿಲೂ ಮುಚ್ಚುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಎರಡೂ ದಾರಿ ತೆರೆದಿವೆ. ಆದರೆ ಪರವಾನಗಿ ಇಲ್ಲದ ಸೈಟುಗಳಿಗೆ ಇದ್ಯಾವುದೂ ತಾಗುವುದಿಲ್ಲ.

ನಮ್ಮ ದೇಶದ ಆತಂಕವೂ ಅಲ್ಲೇ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಹೊರದೇಶದಲ್ಲಿ ಕೂತು ಸೈಟು ನಡೆಸುವವರು ಮಾತ್ರ ಒಂದು ವಿಳಾಸ ಮುಚ್ಚಿದರೆ ಇನ್ನೊಂದರಲ್ಲಿ ಬರುತ್ತಾರೆ. ಅಂಥ ಕಡೆ ಹಣ ತೆಗೆಯಲು ಹೋದರೆ ದಿನಗಟ್ಟಲೆ ‘Pending’ ಇರಬಹುದು, ರದ್ದುಮಾಡಿ ಆಡಿದರೆ ಬೋನಸ್ ಕೊಡುತ್ತೇವೆ ಎಂಬ ಸಂದೇಶ ಬರಬಹುದು. ಇನ್ನೂ ಮುಂದೆ ಹೋಗಿ, ಮೊದಲು ತೆರಿಗೆ ಕಟ್ಟಿ, ಆಮೇಲೆ ಗೆಲುವಿನ ಹಣ ಬಿಡುತ್ತೇವೆ ಎಂದರೆ ಅದು ಶುದ್ಧ ವಂಚನೆ. ಒಂದು ರೂಪಾಯಿಯನ್ನೂ ಮತ್ತೆ ಕಳಿಸದೆ, ಪರದೆಯ ಚಿತ್ರ ಮತ್ತು ಪಾವತಿಯ ವಿವರ ಇಟ್ಟುಕೊಂಡು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಹಣ ತೆಗೆದ ಮೇಲೂ ಕೈ ಮತ್ತೆ ಮತ್ತೆ ಆ ಗುಂಡಿಯ ಕಡೆಗೇ ಹೋಗುತ್ತಿದೆ ಎನ್ನಿಸಿದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್ನೆಟ್ ಚಟಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ.