ನಲವತ್ತು ಡೆಸ್ಕಿಗೆ ಮೂರು ರೇಟು

ಪೀಠೋಪಕರಣದ ನಾಲ್ಕು ಅಂಗಡಿಗೆ ಫೋನ್ ಮಾಡಿ “ಶಾಲೆಗೆ ಡೆಸ್ಕು ಬೇಕು, ರೇಟು ಎಷ್ಟು?” ಎಂದು ಕೇಳಿದರೆ ನಾಲ್ಕು ರೇಟು ಬರುತ್ತದೆ. ಒಬ್ಬನ ಮನಸ್ಸಿನಲ್ಲಿ ದಪ್ಪ ಪೈಪಿನ ಡೆಸ್ಕು, ಇನ್ನೊಬ್ಬನದು ತೆಳು ಪೈಪಿನದು. ಒಬ್ಬ ಜಿಎಸ್‌ಟಿ ಸೇರಿಸಿ ಹೇಳಿರುತ್ತಾನೆ, ಮತ್ತೊಬ್ಬ ಬಿಟ್ಟು ಹೇಳಿರುತ್ತಾನೆ. ಹೀಗೆ ಬಂದ ರೇಟುಗಳಲ್ಲಿ ಕಡಿಮೆ ಯಾವುದು ಎಂದು ಹುಡುಕುವುದೇ ವ್ಯರ್ಥ. ಕೊಟೇಶನ್ ಕೇಳುವ ಪತ್ರಕ್ಕೆ ಇರುವ ಕೆಲಸ ಇದೇ: ಎಲ್ಲರೂ ಒಂದೇ ವಸ್ತುವಿಗೆ, ಒಂದೇ ಷರತ್ತಿನ ಮೇಲೆ ಬೆಲೆ ಹೇಳುವಂತೆ ಮಾಡುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಊರಿನ ಅನುದಾನಿತ ಪ್ರೌಢಶಾಲೆ. ಹಳೆಯ ವಿದ್ಯಾರ್ಥಿಗಳ ದೇಣಿಗೆಯಲ್ಲಿ ಇಬ್ಬರು ಕೂರುವ 40 ಡೆಸ್ಕುಗಳನ್ನು ಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಶಾಲೆ ತೆರೆಯುವುದು ಮೇ ಕೊನೆಗೆ. ಹಾಗಾಗಿ ಮಾರ್ಚ್ ಮಧ್ಯದಲ್ಲಿ ಐದು ಅಂಗಡಿಗಳಿಗೆ ಪತ್ರ ಹೋಗುತ್ತದೆ.

ಪತ್ರದಲ್ಲಿ “ಒಳ್ಳೆಯ ಗುಣಮಟ್ಟದ ಗಟ್ಟಿಮುಟ್ಟಾದ ಡೆಸ್ಕು” ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ, ಏಕೆಂದರೆ ತನ್ನ ಮಾಲು ಗಟ್ಟಿಯಿಲ್ಲ ಎನ್ನುವ ವ್ಯಾಪಾರಿ ಎಲ್ಲಿಯೂ ಸಿಗುವುದಿಲ್ಲ. ಬರೆಯಬೇಕಾದ್ದು ಅಳತೆ. ಚೌಕಟ್ಟು 25 ಮಿ.ಮೀ. ಚೌಕ ಪೈಪಿನದು, ಪೈಪಿನ ದಪ್ಪ 1.2 ಮಿ.ಮೀ., ಮೇಲ್ಹಲಗೆ 18 ಮಿ.ಮೀ. ಪ್ಲೈವುಡ್, ಬಣ್ಣ ಪೌಡರ್ ಕೋಟಿಂಗ್, ಕಾಲುಗಳ ತುದಿಗೆ ರಬ್ಬರ್ ಬುಷ್. ಇವುಗಳಲ್ಲಿ ಕಣ್ಣಿಗೆ ಕಾಣದ್ದು ಪೈಪಿನ ದಪ್ಪ, ಮೋಸಕ್ಕೆ ಹೆಚ್ಚು ಅವಕಾಶ ಇರುವುದೂ ಅಲ್ಲಿಯೇ. ಅಂಗಡಿಯವರು ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಲೆಕ್ಕ ತಲೆಕೆಳಗು: ಸಂಖ್ಯೆ ಹೆಚ್ಚಿದಷ್ಟೂ ಪೈಪು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಎಂದರೆ ಸುಮಾರು 0.9 ಮಿ.ಮೀ. ಗೊತ್ತಿಲ್ಲದವರಿಗೆ ಇಪ್ಪತ್ತೇ ಮೇಲು ಎನಿಸುತ್ತದೆ. ಆದ್ದರಿಂದ ಪತ್ರದಲ್ಲಿ ಮಿಲಿಮೀಟರಿನಲ್ಲಿಯೇ ಬರೆಯುವುದು ಕ್ಷೇಮ.

ಪೈಪಿನ ತುದಿ ಮುಚ್ಚಿ ಬಣ್ಣ ಬಳಿದ ಮೇಲೆ ದಪ್ಪ ಅಳೆಯುವುದು ಹೇಗೆ? ತೂಕ ಹಾಕಬೇಕು. ಈ ಅಳತೆಯ ಪೈಪು 1.2 ಮಿ.ಮೀ. ದಪ್ಪವಿದ್ದರೆ ಮೀಟರಿಗೆ ಸುಮಾರು 900 ಗ್ರಾಂ ತೂಗುತ್ತದೆ, 0.9 ಮಿ.ಮೀ. ಇದ್ದರೆ 680 ಗ್ರಾಂ. ಒಂದು ಡೆಸ್ಕಿಗೆ ಒಂಬತ್ತು ಮೀಟರ್ ಪೈಪು ಬೇಕೆಂದು ಹಿಡಿದರೆ ಚೌಕಟ್ಟಿನ ತೂಕದಲ್ಲಿಯೇ ಎರಡು ಕಿಲೋ ವ್ಯತ್ಯಾಸ. ಹಲಗೆ ಬಿಟ್ಟು ಚೌಕಟ್ಟಿನ ತೂಕ 8 ಕಿಲೋಗೆ ಕಡಿಮೆ ಇರಬಾರದು ಎಂಬ ಒಂದು ಸಾಲು ಪತ್ರದಲ್ಲಿದ್ದರೆ, ಮುಂದೆ ಜಗಳ ಬಂದಾಗ ಕಿರಾಣಿ ಅಂಗಡಿಯ ತಕ್ಕಡಿಯೇ ತೀರ್ಪು ಕೊಡುತ್ತದೆ.

ಇನ್ನು ಮಾಲು ತಲುಪಬೇಕಾದ ಜಾಗ. “ಶಾಲೆಗೆ ತಲುಪಿಸಬೇಕು” ಎಂದರೆ ಲಾರಿ ಗೇಟಿನ ಮುಂದೆ ನಿಂತರೂ ತಲುಪಿಸಿದಂತೆಯೇ. ಹತ್ತನೇ ತರಗತಿ ಮೊದಲ ಮಹಡಿಯಲ್ಲಿದ್ದರೆ 40 ಡೆಸ್ಕುಗಳನ್ನು ಹೊತ್ತು ಹತ್ತಿಸುವವರು ಯಾರು, ಹಮಾಲಿ ಯಾರದು? ಊರಿನ ದಾರಿಯಲ್ಲಿ ದೊಡ್ಡ ಲಾರಿ ನುಗ್ಗದ ಸೇತುವೆ ಇದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಸಾಗಣೆ, ಇಳಿಸುವುದು, ಜೋಡಿಸುವುದು, ತೆರಿಗೆ ಎಲ್ಲವೂ ಸೇರಿ ಒಂದು ಡೆಸ್ಕಿಗೆ ಎಷ್ಟು ಎಂದೇ ದರ ಕೇಳಬೇಕು.

ಐವರಲ್ಲಿ ಮೂವರು ಉತ್ತರಿಸಿದರು ಎನ್ನಿ. ಮೊದಲನೆಯವರ ದರ 4,900 ರೂಪಾಯಿ, ಕೆಳಗೆ ಸಣ್ಣ ಅಕ್ಷರದಲ್ಲಿ “ಜಿಎಸ್‌ಟಿ ಪ್ರತ್ಯೇಕ, ಸಾಗಣೆ 12,000 ಪ್ರತ್ಯೇಕ.” ಎರಡನೆಯವರದು ಎಲ್ಲ ಸೇರಿ 5,900. ಮೂರನೆಯವರದು ತೆರಿಗೆ ಸೇರಿ 5,400, ಸಾಗಣೆಗೆ 8,000, ಪೈಪಿನ ವಿವರದಲ್ಲಿ “ಹೆವಿ ಗೇಜ್” ಎಂದಷ್ಟೇ. ಮೊದಲ ನೋಟಕ್ಕೆ 4,900 ಅಗ್ಗ. ಶೇ. 18 ಜಿಎಸ್‌ಟಿ ಸೇರಿಸಿದರೆ ಅದು 5,782 ಆಗುತ್ತದೆ, ನಲವತ್ತಕ್ಕೆ 2,31,280, ಸಾಗಣೆಯೂ ಸೇರಿ 2,43,280. ಎರಡನೆಯವರದು 2,36,000. ಅಗ್ಗವೆನಿಸಿದ್ದೇ ಏಳು ಸಾವಿರ ಜಾಸ್ತಿ! ಮೂರನೆಯವರದು 2,24,000ಕ್ಕೆ ನಿಲ್ಲುತ್ತದೆ. ಆದರೆ ದಪ್ಪ ಎಷ್ಟು ಎಂದು ಪತ್ರ ಬರೆದು ಕೇಳಿದರೆ “20 ಗೇಜ್” ಎಂಬ ಉತ್ತರ ಬರುತ್ತದೆ. ಅದು ಶಾಲೆ ಕೇಳಿದ ಡೆಸ್ಕೇ ಅಲ್ಲ, ಹಾಗಾಗಿ ಹೋಲಿಕೆಗೇ ಬರುವುದಿಲ್ಲ. ತುಲನಾ ಪಟ್ಟಿಯಲ್ಲಿ ಆ ಕಾರಣವನ್ನು ಬರೆದು ಸಮಿತಿಯವರು ಸಹಿ ಹಾಕಿದರೆ “ಕಡಿಮೆ ದರ ಯಾಕೆ ಬಿಟ್ಟಿರಿ” ಎನ್ನುವ ಲೆಕ್ಕಪರಿಶೋಧಕರಿಗೆ ಉತ್ತರ ಸಿದ್ಧವಾಗಿರುತ್ತದೆ.

ಕೊನೆಯ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯಬೇಕು: ಏಪ್ರಿಲ್ 5, ಸಂಜೆ 4, ಮುಚ್ಚಿದ ಲಕೋಟೆ. ನಾಲ್ಕೂವರೆಗೆ ಎಲ್ಲವನ್ನೂ ಒಟ್ಟಿಗೆ ಒಡೆದು ಪ್ರತಿ ಹಾಳೆಗೂ ಸಮಿತಿಯವರು ಸಹಿ ಹಾಕುವುದು ಕ್ರಮ. ಮರುದಿನ ಬೆಳಗ್ಗೆ ಒಬ್ಬ ವ್ಯಾಪಾರಿ ಲಕೋಟೆ ತಂದು “ಬಸ್ ಕೆಟ್ಟಿತ್ತು ಸಾರ್” ಎಂದರೆ ತೆಗೆದುಕೊಳ್ಳುವ ಹಾಗಿಲ್ಲ. ಅಷ್ಟರಲ್ಲಿ ಉಳಿದವರ ದರ ಊರಿಗೆಲ್ಲ ಗೊತ್ತಾಗಿರುತ್ತದೆ. ನಡುವೆ ಯಾರಾದರೂ “ಹಲಗೆಯ ಬಣ್ಣ ಯಾವುದು?” ಎಂದು ವಿಚಾರಿಸಿದರೆ ಉತ್ತರವನ್ನು ಐವರಿಗೂ ಕಳಿಸಬೇಕು.

ಮೂರು ಕೊಟೇಶನ್ ಕೈಗೆ ಬಂತೆಂದರೆ ಮೂವರು ಪೈಪೋಟಿಗಿಳಿದರು ಎಂದೇನೂ ಅಲ್ಲ. “ಇನ್ನೆರಡು ಕೊಟೇಶನ್ ನಾನೇ ತಂದುಕೊಡ್ತೀನಿ ಬಿಡಿ” ಎನ್ನುವ ಅಂಗಡಿಯವರನ್ನು ಕಾಣದ ಕಚೇರಿ ಗುಮಾಸ್ತರು ವಿರಳ. ಇದನ್ನು ಹಿಡಿಯುವ ಸುಲಭ ದಾರಿ ಲೆಟರ್‌ಹೆಡ್‌ನಲ್ಲಿಯೇ ಇದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಮಾಲೀಕರ ಪ್ಯಾನ್ ಸಂಖ್ಯೆ. ಬೇರೆ ಬೇರೆ ಹೆಸರಿನ ಎರಡು ಅಂಗಡಿಗಳಲ್ಲಿ ಆ ಹತ್ತು ಒಂದೇ ಆಗಿದ್ದರೆ ಮಾಲೀಕರೂ ಒಬ್ಬರೇ. ಮೂರೂ ಪತ್ರಗಳಲ್ಲಿ ಅದೇ ಪದ ಅದೇ ರೀತಿ ತಪ್ಪಾಗಿದ್ದರೂ ಅನುಮಾನ ಪಡಬಹುದು. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ದರ ನಿಗದಿ ಮಾಡುವುದನ್ನು 2002ರ ಸ್ಪರ್ಧಾ ಕಾಯ್ದೆ ನಿಷೇಧಿಸಿದೆ.

ಕೊಟೇಶನ್ ಕೇಳಿದ ಮಾತ್ರಕ್ಕೆ ಶಾಲೆ ಕೊಳ್ಳಲೇಬೇಕೆಂದಿಲ್ಲ. ಬೆಲೆ ಹೇಳುವುದೂ ಮಾರುತ್ತೇನೆ ಎಂದು ಒಪ್ಪುವುದೂ ಒಂದೇ ಅಲ್ಲ ಎಂಬುದಕ್ಕೆ ಮಡಿಕೇರಿಯ ಒಂದು ಬಂಗಲೆಯ ಮೊಕದ್ದಮೆ ಕಾನೂನು ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಹತ್ತು ಸಾವಿರಕ್ಕೆ ಕಡಿಮೆ ಒಪ್ಪುವುದಿಲ್ಲ ಎಂದು ಮಾಲೀಕರು ತಿಳಿಸಿದ್ದರು. ಕೊಳ್ಳುವವರು ಹತ್ತು ಸಾವಿರಕ್ಕೆ ಒಪ್ಪಿ, ವ್ಯವಹಾರ ಕುದುರಿತು ಎಂದರು. ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1951ರಲ್ಲಿ ಅದನ್ನು ಒಪ್ಪಲಿಲ್ಲ. ಮಾಲೀಕರ ಮಾತು ಮಾರುವ ವಾಗ್ದಾನವಲ್ಲ, ಬೇಡಿಕೆ ಮುಂದಿಡಿ ಎಂಬ ಆಹ್ವಾನವಷ್ಟೇ ಎಂದಿತು.

ಆದ್ದರಿಂದ ಶಾಲೆಯ ಪತ್ರ “ದರ 60 ದಿನ ಊರ್ಜಿತವಿರಬೇಕು” ಎಂದು ಕೇಳುತ್ತದೆ, ಅಂಗಡಿಯವರು ಅದಕ್ಕೆ ಒಪ್ಪಿ ಸಹಿ ಹಾಕಿ ಕಳಿಸುತ್ತಾರೆ. ಅಷ್ಟಾದರೂ ಒಪ್ಪಿಗೆ ಪತ್ರ ಹೊರಡುವ ಮುನ್ನ ವ್ಯಾಪಾರಿ ದರ ಹಿಂತೆಗೆದುಕೊಳ್ಳಲು 1872ರ ಕರಾರು ಕಾಯ್ದೆಯಲ್ಲಿ ಸಾಮಾನ್ಯವಾಗಿ ಅವಕಾಶವಿದೆ. ಉಕ್ಕಿನ ಬೆಲೆ ಏರುವ ಸೂಚನೆ ಇದ್ದಾಗ ಮುಂದಿನ ತಿಂಗಳ ಸಭೆಗೆ ಕಾಯುವ ಆಡಳಿತ ಮಂಡಳಿ 5,900ರ ದರವನ್ನು ಕಳೆದುಕೊಳ್ಳಬಹುದು. ಏಪ್ರಿಲ್ ಹತ್ತರೊಳಗೆ ಖರೀದಿ ಆದೇಶ ಹೊರಟರೆ, ಅದರಲ್ಲಿ ಪತ್ರದ ಅಳತೆಗಳೆಲ್ಲ ಮತ್ತೆ ಅಚ್ಚಾಗಿದ್ದರೆ, ಮೇ 20ರೊಳಗೆ ಡೆಸ್ಕು ಮೊದಲ ಮಹಡಿ ಹತ್ತಬೇಕು. ಹಣ ಪಾವತಿಗೆ ಮುಂಚೆ ಹೆಡ್‌ಮಾಸ್ಟರು ಮಾಡಬೇಕಾದ್ದು ಇಷ್ಟೇ: ಯಾವುದಾದರೂ ಎರಡು ಡೆಸ್ಕುಗಳ ಹಲಗೆ ಬಿಚ್ಚಿಸಿ, ಚೌಕಟ್ಟನ್ನು ತೂಗಿಸಿ, ತೂಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತಂದವರ ಸಹಿ ಪಡೆಯುವುದು.