ಬೆಂಕಿಯ ಮೇಲೆ ನೀರು: ನಿಂತುಹೋದ ಒಲವಿಗೆ ಆರು ಗೆರೆಗಳ ಉತ್ತರ

ಬೆಂಕಿಯ ಮೇಲೆ ನೀರು ಎಂದರೆ ಬೆಂಕಿ ನಂದಿತು ಎಂದೇ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ಚೀನಾದ ಪ್ರಾಚೀನ ಶಕುನಗ್ರಂಥ ‘ಯಿ ಜಿಂಗ್’ ಈ ಜೋಡಿಯನ್ನು ಬೇರೆಯೇ ರೀತಿಯಲ್ಲಿ ನೋಡುತ್ತದೆ. ಅದರ ಪ್ರಕಾರ ಇದು ಒಲೆಯ ಮೇಲಿಟ್ಟ ಪಾತ್ರೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಯುವತಿಯೊಬ್ಬಳು ಕೆಲವು ತಿಂಗಳಿಂದ ಒಬ್ಬನನ್ನು ಇಷ್ಟಪಟ್ಟಿದ್ದಾಳೆ. ಅವನಿಗೂ ಇಷ್ಟವಿತ್ತು. ಆದರೆ ಮೂರು ವಾರದಿಂದ ಮಾತು ನಿಂತಿದೆ. ಜಗಳವಾಗಿಲ್ಲ, ಕಾರಣವೂ ತಿಳಿದಿಲ್ಲ. ಅವಳು ಮೂರು ನಾಣ್ಯಗಳನ್ನು ಆರು ಸಲ ಚಿಮ್ಮುತ್ತಾಳೆ. ನಾಣ್ಯದ ಒಂದು ಮುಖಕ್ಕೆ 3, ಇನ್ನೊಂದಕ್ಕೆ 2 ಅಂಕ. ಪ್ರತಿ ಸಲದ ಮೊತ್ತ 6, 7, 8 ಅಥವಾ 9 ಆಗುತ್ತದೆ. ಬೆಸಸಂಖ್ಯೆ ಬಂದರೆ ಇಡೀ ಗೆರೆ, ಅಂದರೆ ಯಾಂಗ್. ಸಮಸಂಖ್ಯೆ ಬಂದರೆ ನಡುವೆ ತುಂಡಾದ ಗೆರೆ, ಅಂದರೆ ಯಿನ್. ಅವಳಿಗೆ ಕ್ರಮವಾಗಿ 7, 6, 7, 8, 7, 8 ಬಂದವು.

ಇಲ್ಲಿಯೇ ಅನೇಕರು ಎಡವುತ್ತಾರೆ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಹಾಗೆ ಬರೆದರೆ ಕೆಳಗಿನ ಮೂರು ಗೆರೆ ‘ಲಿ’, ಅಂದರೆ ಬೆಂಕಿ. ಮೇಲಿನ ಮೂರು ‘ಕಾನ್’, ಅಂದರೆ ನೀರು. ಇದು 63ನೆಯ ಚಿತ್ರ ‘ಜಿ ಜಿ’. ಹೆಸರಿನ ಅರ್ಥ ‘ಹೊಳೆ ದಾಟಿಯಾಗಿದೆ’. ಅದೇ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಬರೆದರೆ ನೀರಿನ ಮೇಲೆ ಬೆಂಕಿ ಬಂದು, 64ನೆಯ ‘ವೇ ಜಿ’, ಅಂದರೆ ‘ಇನ್ನೂ ದಾಟಿಲ್ಲ’ ಎಂಬ ಚಿತ್ರವಾಗುತ್ತದೆ. ಉತ್ತರವೇ ತಲೆಕೆಳಗಾಗುತ್ತದೆ.

ಹೆಸರುಗಳು ಹೀಗೇಕೆ ಎಂಬುದಕ್ಕೆ ಎರಡು ಜೋಡಿಗಳ ಚಲನೆಯನ್ನು ಗಮನಿಸಬೇಕು. ನೀರು ಕೆಳಗೆ ಹರಿಯುತ್ತದೆ, ಬೆಂಕಿ ಮೇಲಕ್ಕೆ ಏಳುತ್ತದೆ. ನೀರು ಮೇಲೆ, ಬೆಂಕಿ ಕೆಳಗೆ ಇದ್ದರೆ ಎರಡೂ ಒಂದರತ್ತ ಒಂದು ಬರುತ್ತವೆ. ಅಡುಗೆ ಬೇಯುವುದು ಹಾಗೆಯೇ. ಬೆಂಕಿ ಮೇಲೆ, ನೀರು ಕೆಳಗೆ ಇದ್ದರೆ ಎರಡೂ ತಮ್ಮ ತಮ್ಮ ದಾರಿ ಹಿಡಿದು ದೂರವಾಗುತ್ತವೆ. ಎಂಟು ಮೂರುಗೆರೆಗಳನ್ನು ಒಂದು ಕುಟುಂಬವಾಗಿ ಕಾಣುವ ಪದ್ಧತಿಯಲ್ಲಿ ಬೆಂಕಿ ನಡುವಿನ ಮಗಳು, ನೀರು ನಡುವಿನ ಮಗ. ಹೀಗಾಗಿ ಒಲವಿನ ಪ್ರಶ್ನೆಗೆ ಈ ಜೋಡಿ ಬಂದಾಗ ಹೆಣ್ಣು ಗಂಡು ಎದುರುಬದುರು ನಿಂತ ಚಿತ್ರವೇ ಸಿಗುತ್ತದೆ.

63ರಲ್ಲಿ ಇನ್ನೊಂದು ವಿಶೇಷವಿದೆ. ಒಂದು, ಮೂರು, ಐದನೆಯ ಸ್ಥಾನಗಳು ಯಾಂಗ್‌ನವು. ಎರಡು, ನಾಲ್ಕು, ಆರು ಯಿನ್‌ನವು ಎಂಬುದು ನಿಯಮ. 64 ಚಿತ್ರಗಳಲ್ಲಿ ಆರೂ ಗೆರೆಗಳು ಸರಿಯಾದ ಜಾಗದಲ್ಲಿರುವುದು ಇದೊಂದರಲ್ಲೇ. ಆದರೂ ಗ್ರಂಥ ಇದನ್ನು ಶುಭಾಂತ್ಯವೆಂದು ಹೊಗಳುವುದಿಲ್ಲ; ಆರಂಭ ಚೆನ್ನ, ಕೊನೆಗೆ ಗೊಂದಲ ಎಂದು ಎಚ್ಚರಿಸುತ್ತದೆ. ಕಾರಣ ಚಿತ್ರದೊಳಗೇ ಇದೆ. ಎರಡರಿಂದ ನಾಲ್ಕರವರೆಗಿನ ಗೆರೆಗಳನ್ನು ಓದಿದರೆ ನೀರು, ಮೂರರಿಂದ ಐದರವರೆಗೆ ಓದಿದರೆ ಬೆಂಕಿ. ‘ದಾಟಿಯಾಗಿದೆ’ ಎಂಬುದರ ಹೊಟ್ಟೆಯೊಳಗೆ ‘ಇನ್ನೂ ದಾಟಿಲ್ಲ’ ಅಡಗಿ ಕೂತಿದೆ. ಜರ್ಮನ್ ಭಾಷೆಗೆ ಇದನ್ನು 1924ರಲ್ಲಿ ತಂದ ರಿಚರ್ಡ್ ವಿಲ್ಹೆಲ್ಮ್ ಪಾತ್ರೆಯ ಹೋಲಿಕೆಯಿಂದಲೇ ಇದನ್ನು ವಿವರಿಸಿದ್ದಾರೆ: ನೀರು ಉಕ್ಕಿದರೆ ಬೆಂಕಿ ಆರುತ್ತದೆ, ಉರಿ ಹೆಚ್ಚಾದರೆ ನೀರು ಆವಿಯಾಗಿ ಹೋಗುತ್ತದೆ.

ಹಾಗಾದರೆ ಆ ಯುವತಿಗೆ ಸಿಕ್ಕ ಉತ್ತರವೇನು? ಅವಳ ಎರಡನೆಯ ಗೆರೆ 6. ಅದು ಬದಲಾಗುವ ಯಿನ್, ಹಾಗಾಗಿ ಓದಿನ ಭಾರವೆಲ್ಲ ಆ ಗೆರೆಯ ಮೇಲೆ ಬೀಳುತ್ತದೆ. ಅಲ್ಲಿರುವ ಚಿತ್ರ ಹೆಂಗಸೊಬ್ಬಳು ತನ್ನ ಗಾಡಿಯ ಪರದೆ ಕಳೆದುಕೊಂಡದ್ದು. ಅದು ಪರದೆಯಲ್ಲ, ತಲೆಯ ಆಭರಣ ಎಂದು ಓದುವವರೂ ಇದ್ದಾರೆ. ಹಿಂದೆ ಓಡಬೇಡ, ಏಳನೆಯ ದಿನ ಅದು ತಾನಾಗಿ ಸಿಗುತ್ತದೆ ಎಂಬುದು ಗ್ರಂಥದ ಸಲಹೆ. ಈ ಗೆರೆಗೆ ಜೊತೆಗಾರ ಮೇಲೆ ನೀರಿನ ನಡುವಿನ ಐದನೆಯ ಗೆರೆ. ಒಂದು ಯಿನ್, ಇನ್ನೊಂದು ಯಾಂಗ್. ನಂಟು ಗಟ್ಟಿಯಾಗಿಯೇ ಇದೆ, ಕಳೆದದ್ದು ಹೊರಗೆ ಹೊರಡಲು ಬೇಕಾದ ಒಂದು ಸಣ್ಣ ವಸ್ತು ಮಾತ್ರ. ಆ ಗೆರೆ ಯಾಂಗ್ ಆಗಿ ಬದಲಾದಾಗ ಕೆಳಗಿನ ಬೆಂಕಿ ಆಕಾಶವಾಗುತ್ತದೆ, ಮೇಲೆ ನೀರು ಉಳಿಯುತ್ತದೆ. ಅದು ಐದನೆಯ ಚಿತ್ರ ‘ಶ್ಯು’, ಅರ್ಥ ‘ಕಾಯುವುದು’: ಮೋಡ ಆಕಾಶಕ್ಕೇರಿದೆ, ಮಳೆ ಇನ್ನೂ ಬಿದ್ದಿಲ್ಲ. ದಿನಕ್ಕೆ ಹತ್ತು ಸಂದೇಶ ಕಳಿಸಿ ಉರಿ ಹೆಚ್ಚಿಸುವುದನ್ನು ಎರಡೂ ಚಿತ್ರಗಳು ಒಟ್ಟಾಗಿ ಬೇಡವೆನ್ನುತ್ತವೆ.

ಉತ್ತರ ಹಿಡಿಸಲಿಲ್ಲವೆಂದು ಮತ್ತೆ ಮತ್ತೆ ನಾಣ್ಯ ಚಿಮ್ಮುವುದನ್ನು ಗ್ರಂಥ ತನ್ನ ನಾಲ್ಕನೆಯ ಚಿತ್ರದಲ್ಲೇ ತಿರಸ್ಕರಿಸಿದೆ. ಮೂರು ನಾಣ್ಯಗಳಲ್ಲಿ ಯಾವುದೇ ಚಿತ್ರ ಬರುವ ಸಾಧ್ಯತೆ 64ರಲ್ಲಿ ಒಂದು. ಅವನ ಮನಸ್ಸಿನಲ್ಲಿ ಏನಿದೆ ಎಂಬುದು ನಾಣ್ಯಕ್ಕೆ ತಿಳಿಯದು. ಓದಿನಿಂದ ಸಿಗುವುದು ತನ್ನ ನಡೆಯನ್ನು ತೂಗಿನೋಡುವ ಅವಕಾಶ. ಕಾಯುವಷ್ಟು ಕಾದ ಮೇಲೂ ಮೌನ ಮುರಿಯದಿದ್ದರೆ, ಕಾರಣವನ್ನು ಆ ಯುವತಿ ಅವನನ್ನೇ ಒಮ್ಮೆ ನೇರವಾಗಿ ಕೇಳಬೇಕು.