ನಾಯಿಗೂ ಬೇಕು ‘ಅತಿಥಿಗೃಹ’

ಮನೆಮಂದಿಯೆಲ್ಲ ಊರ ಹೊರಗಿನ ಮದುವೆಗೆ ಹೊರಟರೆ ನಾಯಿಯನ್ನು ಯಾರ ಬಳಿ ಬಿಡುವುದು? ಹಾಸನದ ಹೊಸ ಬಡಾವಣೆಗಳಲ್ಲಿ ಲ್ಯಾಬ್ರಡಾರ್, ಪಗ್ ಸಾಕಿದವರನ್ನು ಕಾಡುವ ಪ್ರಶ್ನೆ ಇದು. ಹಾಸನಾಂಬ ದರ್ಶನದ ದಿನಗಳಲ್ಲಿ ನೆಂಟರು ತುಂಬಿದ ಮನೆಯಲ್ಲೂ ಇದೇ ಪೇಚಾಟ. ಬೆಳಗಿನ ವಾಕಿಂಗ್ ಮಾಡಿಸಲು ನಮ್ಮೂರುಗಳಲ್ಲಿ ಹಣ ಕೊಡುವವರು ಕಡಿಮೆ. ಆದರೆ ನಾಲ್ಕು ದಿನ ನಾಯಿಯನ್ನು ನೋಡಿಕೊಳ್ಳುವವರು ಸಿಕ್ಕರೆ ಕೊಡುತ್ತಾರೆ. ಆದ್ದರಿಂದ ಬೋರ್ಡಿಂಗ್‌ನಿಂದ ಶುರು ಮಾಡಿ, ಸ್ನಾನ, ಉಗುರು ಕತ್ತರಿಸುವುದನ್ನು ಜೊತೆಗೆ ಸೇರಿಸುವುದು ಮೇಲು.

ಒಂದು ಲೆಕ್ಕ ಹಾಕೋಣ. ನಾಲ್ಕು ಗೂಡು, ದಿನಕ್ಕೆ ₹350 ದರ, ತಿಂಗಳಲ್ಲಿ 12 ದಿನ ಭರ್ತಿ ಎಂದುಕೊಂಡರೆ ₹16,800 ಬರುತ್ತದೆ. ಆಹಾರವನ್ನು ಮಾಲೀಕರೇ ತಂದುಕೊಟ್ಟರೆ ಖರ್ಚೂ ಉಳಿಯುತ್ತದೆ, ಊಟ ಬದಲಾಗಿ ನಾಯಿಯ ಹೊಟ್ಟೆ ಕೆಡುವುದೂ ತಪ್ಪುತ್ತದೆ. ಆದರೆ ಒಂದೇ ಒಂದು ಪಾರ್ವೊ ಸೋಂಕಿತ ಮರಿ ಒಳಗೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು.

ಪಾರ್ವೊ ವೈರಸ್ ಮಲದ ಮೂಲಕ ಹರಡುತ್ತದೆ. ಸೋಂಕು ತಗುಲಿ ಕೆಲವು ದಿನಗಳವರೆಗೆ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಆಮೇಲೆ ಮಂಕು, ವಾಂತಿ, ದುರ್ವಾಸನೆಯ ರಕ್ತಭೇದಿ. ಮಣ್ಣಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ಮನೆಯ ಫಿನಾಯಿಲ್‌ಗೆ ಸಾಯುವುದಿಲ್ಲ. ಮಲವನ್ನು ಪೂರ್ತಿ ತೊಳೆದು, 30 ಪಾಲು ನೀರಿಗೆ 1 ಪಾಲು ಬ್ಲೀಚ್ ದ್ರಾವಣ ಬೆರೆಸಿ, ಹತ್ತು ನಿಮಿಷ ನೆಲದ ಮೇಲೆ ಬಿಡಬೇಕು. ಮಣ್ಣಿನಲ್ಲಿ ಇದು ಕೆಲಸ ಮಾಡದು. ಹಾಗಾಗಿ ಮೊದಲ ಬಂಡವಾಳ ನೀರು ಹರಿದುಹೋಗುವ ಸಿಮೆಂಟ್ ನೆಲಕ್ಕೇ ಹೋಗಬೇಕು.

ಎರಡನೇ ಶತ್ರು ಉಣ್ಣೆ. ಅದು ನಾಯಿಯ ಮೈಯಿಂದಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧ ಹಚ್ಚಿದರೆ ಸಾಲದು, ಬಿರುಕುಗಳನ್ನೂ ಮುಚ್ಚಬೇಕು.

ಹಾಗಾಗಿ ಗೇಟಿನಲ್ಲೇ ತಪಾಸಣೆ ಆಗಬೇಕು. ಲಸಿಕೆ ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ವೈದ್ಯರ ಸಹಿ, ದಿನಾಂಕ ನೋಡಿ. ರೇಬೀಸ್ ಲಸಿಕೆಯ ಅವಧಿ ಮುಗಿದಿರಬಾರದು. ನಿನ್ನೆ ಹಾಕಿಸಿದ ಲಸಿಕೆ ಇಂದೇ ಕಾಯುವುದಿಲ್ಲ, ಕನಿಷ್ಠ ಎರಡು ವಾರವಾದರೂ ಆಗಿರಲಿ. ಲಸಿಕೆಯ ಎಲ್ಲ ಕಂತು ಮುಗಿಯದ ಮರಿಯನ್ನು ಸೇರಿಸಿಕೊಳ್ಳಬೇಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಪರಿಚಯದವರೆಂದು ಇಲ್ಲಿ ದಾಕ್ಷಿಣ್ಯಕ್ಕೆ ಬಿದ್ದರೆ ಉಳಿದ ಮೂರು ನಾಯಿಗಳ ಜೀವಕ್ಕೆ ಸಂಚಕಾರ.

ಕಾಯಿಲೆ ಬಿದ್ದರೆ ಚಿಕಿತ್ಸೆ ಕೊಡಿಸಲು ಒಪ್ಪಿಗೆ, ಅದರ ಖರ್ಚು ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದು ಇಲ್ಲಿನವರಿಗೆ ಅನುಕೂಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಶುರು ಮಾಡುವವರು ರಾತ್ರಿ ಹೊತ್ತಿನಲ್ಲಿ ಯಾವ ವೈದ್ಯರು ಸಿಗುತ್ತಾರೆ, ಯಾವ ವಾಹನ ಬರುತ್ತದೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಆ ಎರಡು ಫೋನ್ ನಂಬರ್ ಗೋಡೆಯ ಮೇಲೆ ಬರೆದ ನಂತರವೇ ಬೋರ್ಡು ಹಾಕಿ.